ಉಂಗುರದ ಒಳಗೆ 15 ಅಕ್ಷರದ ಲ್ಯಾಟಿನ್ ಸಾಲು

"ಮದುವೆ ಉಂಗುರದ ಒಳಗಡೆ ಲ್ಯಾಟಿನ್‌ನಲ್ಲಿ 'ಎಂದೆಂದಿಗೂ ನಿನ್ನವಳು' ಅಂತ ಬರೆಸಬೇಕು. ಖಾಲಿ ಜಾಗನೂ ಸೇರಿ 15 ಅಕ್ಷರ ಮಾತ್ರ ಅಂತಿದ್ದಾರೆ. ಅವರ ಉಂಗುರ, ನನ್ನ ಉಂಗುರ ಎರಡರಲ್ಲೂ ಒಂದೇ ಸಾಲು ಇರಲಿ ಅಂತ ಆಸೆ. ಏನು ಬರೆಸಲಿ?"

ನಮ್ಮ ಗುಂಪಿನಲ್ಲಿ ಬಂದ ಈ ಪ್ರಶ್ನೆಗೆ ಒಬ್ಬರು ಈ ಸಾಲು ಕೊಟ್ಟಿದ್ದಾರೆ:

```
SEMPER TUUS
```

ಲ್ಯಾಟಿನ್ ಸರಿಯಾಗೇ ಇದೆ. 11 ಅಕ್ಷರ, ಆರಾಮಾಗಿ ಹಿಡಿಸುತ್ತದೆ. ಆದರೆ ಎರಡೂ ಉಂಗುರಕ್ಕೆ ಇದನ್ನೇ ಹಾಕಿಸಬೇಡಿ. SEMPER ಅಂದರೆ ಎಂದೆಂದಿಗೂ, TUUS ಅಂದರೆ ನಿನ್ನವನು. ನಿನ್ನವಳು ಅನ್ನೋಕೆ TUA. ಅವರ ಬೆರಳಲ್ಲಿರುವ ಉಂಗುರದಲ್ಲಿ ಮಾತಾಡುತ್ತಿರುವುದು ನೀವು, ಹಾಗಾಗಿ ಅದರಲ್ಲಿ TUA ಬರಬೇಕು. ನಿಮ್ಮ ಉಂಗುರದಲ್ಲಿ ಅವರ ಮಾತು, ಅಲ್ಲಿ TUUS. ಹಾಕಿಕೊಳ್ಳುವವರು ಯಾರು ಅಂತ ನೋಡಿ ಬರೆಸಿದರೆ ಎರಡೂ ತಿರುಗುಮುರುಗು ಆಗುತ್ತವೆ. ಇದು ತುಂಬಾ ಜನಕ್ಕೆ ಆಗುವ ತಪ್ಪು.

ಕನ್ನಡದಲ್ಲೇ ಹಾಕಿಸಿ, 'ಎಂದೆಂದಿಗೂ' ನಾಲ್ಕೇ ಅಕ್ಷರ ಅಂದವರಿಗೂ ಒಂದು ಮಾತು. ಪ್ರಶ್ನೆ ಹಾಕಿದವರು ಕೇಳಿದ್ದು ಲ್ಯಾಟಿನ್. ಅದಿರಲಿ, ಕಣ್ಣಿಗೆ ನಾಲ್ಕಾದರೂ ಆರ್ಡರ್ ಫಾರಂ ಅದನ್ನು ಸಾಮಾನ್ಯವಾಗಿ 9 ಅಂತ ಎಣಿಸುತ್ತದೆ. ಸೊನ್ನೆ, ಎತ್ವ, ಗುಡಿಸು, ಕೊಂಬು ಎಲ್ಲವೂ ಒಂದೊಂದು ಲೆಕ್ಕ.

ಎರಡರಲ್ಲೂ ಒಂದೇ ಸಾಲು ಬೇಕು ಅಂದರೆ ಗಂಡು ಹೆಣ್ಣು ಭೇದ ಇಲ್ಲದ ಪದ ಹಿಡಿಯಬೇಕು. ಕ್ರಿಯಾಪದ ಅದಕ್ಕೆ ಒಳ್ಳೆಯದು. ನಮ್ಮ 'ಪ್ರೀತಿಸುವೆ' ಅನ್ನೋ ಪದದೊಳಗೆ 'ನಾನು' ಅಡಗಿದೆ ಅಲ್ವಾ? ಲ್ಯಾಟಿನ್ನೂ ಹಾಗೇ. AMABO ಅನ್ನೋ ಐದೇ ಅಕ್ಷರದಲ್ಲಿ ನಾನು, ಪ್ರೀತಿ, ಮುಂದೆಯೂ ಅನ್ನೋದು ಮೂರೂ ಇದೆ. ಹೇಳುವವರು ಗಂಡಾದರೂ ಹೆಣ್ಣಾದರೂ ರೂಪ ಒಂದೇ.

```
TE SEMPER AMABO
```

'ನಿನ್ನನ್ನು ಎಂದೆಂದಿಗೂ ಪ್ರೀತಿಸುವೆ.' ಎಣಿಸಿ ನೋಡಿ: 2, 6, 5, ಜೊತೆಗೆ ಎರಡು ಖಾಲಿ ಜಾಗ. ಸರಿಯಾಗಿ 15. ಚುಕ್ಕೆ, ಹೃದಯದ ಚಿತ್ರ ಏನೂ ಸೇರಿಸೋಕಾಗಲ್ಲ. ಜಾಗ ಉಳಿಸೋಕೆ ಅಂತ SEMPER ಮಾತ್ರ ತೆಗೆಯಬೇಡಿ. ಬರೀ AMABO TE ಅಂದರೆ ಹಳೆಯ ಲ್ಯಾಟಿನ್ ಆಡುಮಾತಲ್ಲಿ 'ದಯವಿಟ್ಟು' ಅಂತಾಗುತ್ತಿತ್ತು. ಲ್ಯಾಟಿನ್ ಓದಿದವರಿಗೆ ಅದೇ ಮೊದಲು ಹೊಳೆಯುತ್ತದೆ. ಬರೀ TE AMO ಅಂದರೂ ಪ್ರೀತಿಸುತ್ತೇನೆ ಅಂತಲೇ ಅರ್ಥ, ಆದರೆ ಸ್ಪ್ಯಾನಿಷ್‌ನಲ್ಲೂ ಅದೇ ಆರು ಅಕ್ಷರ. ನೋಡಿದವರು ಸ್ಪ್ಯಾನಿಷ್ ಅಂದುಕೊಳ್ಳುತ್ತಾರೆ.

ಇನ್ನೊಂದು ಸಾಲೂ ನಿಮಗೆ ಹೊಂದುತ್ತದೆ:

```
TECUM SEMPER
```

'ಯಾವಾಗಲೂ ನಿನ್ನ ಜೊತೆ.' 12 ಅಕ್ಷರ. ಇದಕ್ಕೂ ಗಂಡು ಹೆಣ್ಣು ಭೇದವಿಲ್ಲ. ರೋಮನ್ನರು ಕಲ್ಲಿನಲ್ಲಿ ಕೆತ್ತುವಾಗ U ಬದಲು V ಬರೆಯುತ್ತಿದ್ದರು, ಹಾಗಾಗಿ TECVM ಮಾಡಿಸಿ ಅಂತ ಗುಂಪಿನ ಹಿರಿಯರೊಬ್ಬರು ಹೇಳಿದ್ದಾರೆ. ಅವರ ಮಾತು ಸರಿ, ನೋಡೋಕೂ ಚೆಂದ. ನನಗೆ ಮಾತ್ರ U ಇಷ್ಟ, ಸಣ್ಣ ಅಕ್ಷರದಲ್ಲಿ ಥಟ್ಟನೆ ಓದಬಹುದು. ನಿಮ್ಮವರನ್ನೇ ಕೇಳಿ ತೀರ್ಮಾನ ಮಾಡಿ.

ಈಗ ನನ್ನದೇ ಕಥೆ. ನಮ್ಮ ಉಂಗುರಕ್ಕೆ ನಾನು ಸಾಲನ್ನು ಫೋನಲ್ಲಿ ಟೈಪ್ ಮಾಡಿ ಕಳಿಸಿದ್ದೆ. ಉಂಗುರ ಬಂದಾಗ ಒಳಗೆ SEMPER ಇರಲಿಲ್ಲ, SEMPRE ಇತ್ತು. ಅದು ಇಟಾಲಿಯನ್ ಪದ, ಅರ್ಥ ಅದೇ 'ಯಾವಾಗಲೂ'. ಫೋನ್ ತಾನೇ ತಿದ್ದಿತ್ತೋ, ಕೆತ್ತುವವರು ತಿದ್ದಿದರೋ, ಇವತ್ತಿಗೂ ಗೊತ್ತಾಗಿಲ್ಲ. ಅಳಿಸಬೇಕು ಅಂದರೆ ಒಳಗಿನ ಲೋಹ ತೆಗೀಬೇಕು, ಆಗ ಉಂಗುರ ತೆಳ್ಳಗಾಗುತ್ತದೆ, ಸ್ವಲ್ಪ ಸಡಿಲವೂ ಆಗುತ್ತದೆ. ತುಂಬಾ ಬೇಜಾರಾಗಿತ್ತು. ಅದಕ್ಕೇ ಹೇಳ್ತೀನಿ, ಕಾಗದದ ಮೇಲೆ ದೊಡ್ಡಕ್ಷರದಲ್ಲಿ ಬರೆದು ಕೊಡಿ. ಕೆತ್ತುವ ಮೊದಲು ಅವರು ಮಾಡಿಕೊಂಡ ನಮೂನೆ ತರಿಸಿ, ಒಂದೊಂದೇ ಅಕ್ಷರವನ್ನು ಹಿಂದಿನಿಂದ ಮುಂದಕ್ಕೆ ಓದಿ. ಮುಂದಿನಿಂದ ಓದಿದರೆ ಕಣ್ಣು ತಾನೇ ಸರಿಮಾಡಿಕೊಂಡು ಹೋಗಿಬಿಡುತ್ತದೆ.

ಎಲ್ಲಿ ಕೆತ್ತಬೇಕು ಅಂತಲೂ ಹೇಳಿಬಿಡಿ. ಮುಂದೆ ಸೈಜ್ ಬದಲಿಸಬೇಕಾದರೆ ಉಂಗುರವನ್ನು ಒಂದು ಕಡೆ ಕತ್ತರಿಸಿ ಬೆಸೆಯುತ್ತಾರೆ. ಆ ಜಾಗದಲ್ಲಿ ಅಕ್ಷರ ಇದ್ದರೆ ಹೋಯಿತು. ಲೋಹದ ಶುದ್ಧತೆಯ ಮುದ್ರೆ ಇದ್ದರೆ ಅದನ್ನೂ ಬಿಟ್ಟು ಕೆತ್ತಬೇಕು.

ನಾನಾಗಿದ್ದರೆ TE SEMPER AMABO ಹಾಕಿಸುತ್ತಿದ್ದೆ, ಮೂರು ಪದಗಳನ್ನೂ ಸುತ್ತಲೂ ದೂರ ದೂರ ಹರಡಿಸಿ. ಲ್ಯಾಟಿನ್‌ನಲ್ಲಿ ಪದಗಳು ಹಿಂದೆ ಮುಂದೆ ಆದರೂ ಅರ್ಥ ಕೆಡಲ್ಲ. ಉಂಗುರ ತಿರುಗಿಸುತ್ತಾ ಯಾವ ಪದದಿಂದ ಓದಲು ಶುರು ಮಾಡಿದರೂ ಅದೇ ಮಾತು ಸಿಗುತ್ತದೆ.