ಪೇಪರ್ ಪೇಜಿಂದ ಸುದ್ದಿ ಬೇರೆ ಬೇರೆ ಮಾಡೋದು

ಪ್ರಶ್ನೆ: ಕನ್ನಡ ಪೇಪರ್ ಪೇಜ್ ಸ್ಕ್ಯಾನ್ ಮಾಡಿ ಟೆಸರಾಕ್ಟ್‌ಗೆ ಕೊಟ್ರೆ ಎಲ್ಲಾ ಸುದ್ದಿ ಕಲಸಿ ಬರ್ತಿದೆ. ಒಂದೊಂದು ಸುದ್ದಿನೂ ಹೆಡ್ಡಿಂಗ್ ಸಮೇತ, ಓದೋ ಕ್ರಮದಲ್ಲೇ ಬೇರೆ ಫೈಲ್ ಮಾಡೋದು ಹೆಂಗೆ?

ನಾನು ಕೊಪ್ಪಳದಾಂವ, ನಮ್ಮ ಕಡೆ ಸುದ್ದಿ ಕೂಡಿಡೋ ಹುಚ್ಚು ಐತಿ, ಅದಕ್ಕ ಈ ಕೆಲಸದಾಗ ಒಂದು ಮಳೆಗಾಲ ಪೂರ್ತಿ ತಲೆ ಕೆಡಿಸ್ಕೊಂಡೀನಿ. ನಿಮ್ಮ ತಪ್ಪು ಏನಂದ್ರ ಪೂರ್ತಿ ಪೇಜನ್ನ ಒಂದೇ ಸಲ ಓದ್ಸಾಕ ಹೊಂಟೀರಿ. ಮೊದಲು ಪೇಜ್ ತುಂಡು ಮಾಡ್ರಿ, ಯಾವ ತುಂಡು ಯಾವ ಹೆಡ್ಡಿಂಗ್‌ದು ಅಂತ ಗೊತ್ತು ಮಾಡ್ಕೊಳ್ರಿ, ಓದ್ಸೋದು ಕೊನೀಗೆ.

ನಾನು ಮೊದಲು ತಗೊಂಡಿದ್ದು 2024ರ ಆಗಸ್ಟ್‌ದಾಗ ತುಂಗಭದ್ರಾ ಡ್ಯಾಂ 19ನೇ ಗೇಟಿನ ಚೈನ್ ಕಟ್ಟಾದ ವಾರದ ಒಂದು ಪೇಜ್. 300 ಡಿಪಿಐ ಸ್ಕ್ಯಾನ್, ಎಂಟು ಕಾಲಂ, ಒಂದೊಂದು ಕಾಲಂ ಸುಮಾರು 500 ಪಿಕ್ಸೆಲ್ ಅಗಲ. ಡ್ಯಾಂ ಸುದ್ದಿ ಹೆಡ್ಡಿಂಗ್ ಐದು ಕಾಲಂ ಅಗಲ, ನಡುವ 3-4ನೇ ಕಾಲಂದಾಗ ಫೋಟೋ, ಬಲಕ್ಕ ಮೂರು ಕಾಲಂದು ಬ್ಯಾರೆ ಸುದ್ದಿ. ನಾನು ತುಂಡುಗಳನ್ನ ಮೇಲಿಂದ ಕೆಳಗ ಅಂತ ಸಾಲು ಹಚ್ಚಿದ್ದೆ, ಹಂಗ ಮಾಡಿದ್ರ ಒಂದನೇ ಕಾಲಂ ತಲಿ, ಎರಡನೇದ್ರ ತಲಿ, ಪಕ್ಕದ ಸುದ್ದಿ ತಲಿ ಎಲ್ಲಾ ಒಂದರ ಹಿಂದ ಒಂದು ಬಂದುಬಿಡ್ತಾವ, ಗೇಟ್ ಕಟ್ಟಾದ ಸುದ್ದಿ ನಡುವ ಭತ್ತದ ರೇಟ್ ಬಂದಿತ್ತು.

ಸರಿಯಾದ ನಿಯಮ ಸರಳ ಐತಿ: ಹೆಡ್ಡಿಂಗ್ ಎಷ್ಟು ಅಗಲ ಐತೋ ಅಷ್ಟು ಕಾಲಂ ಅದರ ಜಮೀನು, ಕೆಳಗ ಇನ್ನೊಂದು ಹೆಡ್ಡಿಂಗ್ ಬರೋ ತನಕ. ಹಂಗಾಗಿ ಪ್ರತಿ ತುಂಡಿಗೆ ನೆತ್ತಿ ಮ್ಯಾಲೆ ಎಲ್ಲಕ್ಕಿಂತ ಹತ್ರ ಇರೋ ಹೆಡ್ಡಿಂಗ್ ಹುಡುಕ್ರಿ:

```python
def owner(b, heads):
    cx = (b.x0 + b.x1) / 2
    c = [h for h in heads
         if h.x0 <= cx <= h.x1 and h.y1 <= b.y0 + 20]
    return max(c, key=lambda h: h.y1) if c else None
```

ಆಮೇಲೆ ಒಂದು ಹೆಡ್ಡಿಂಗ್ ಒಳಗಿನ ತುಂಡುಗಳನ್ನ ಮೊದಲು ಕಾಲಂ ನಂಬರ್, ಆಮೇಲೆ ಎತ್ತರ ಅಂತ ಸಾಲು ಹಚ್ಚಿದ್ರ ಓದೋ ಕ್ರಮ ಬರ್ತದ. ಫೋಟೋ ಕೆಳಗಿನ ತುಂಡೂ ತಾನಾಗೇ ಸರಿ ಜಾಗಕ್ಕ ಕೂಡ್ತದ, ಫೋಟೋ ಕ್ಯಾಪ್ಶನ್ ಮಾತ್ರ ಮೊದಲೇ ಎತ್ತಿಡ್ರಿ.

ಕಾಲಂ ನಡುವಿನ ಗೆರೆ ಹುಡುಕೋಕೆ ಮೊದಲು ಮಸಿ ಬಿಳಿ, ಕಾಗದ ಕಪ್ಪು ಆಗೋಹಂಗ ಚಿತ್ರ ಬದಲಿಸಿ, ಓಪನ್‌ಸಿವಿಯಾಗ 200 ಪಿಕ್ಸೆಲ್ ಉದ್ದ, 1 ಪಿಕ್ಸೆಲ್ ಅಗಲದ ಕರ್ನಲ್ ಹಾಕಿ `MORPH_OPEN` ಮಾಡ್ರಿ, ಅಕ್ಷರ ಎಲ್ಲಾ ಅಳಿಸಿ ಗೆರೆ ಅಷ್ಟೇ ಉಳಿತಾವ. ಆದ್ರ ಪೇಜ್ ಒಂದು ಡಿಗ್ರಿ ಓರೆ ಇದ್ರೂ ಸಣ್ಣ ಗೆರೆ ಮಾಯ ಆಗ್ತದ, ಅದಕ್ಕ ಮೊದಲು ನೆಟ್ಟಗ ಮಾಡ್ಕೊಳ್ರಿ. ಗೆರೆ ಇಲ್ಲದ ಪೇಪರ್‌ಗೆ ಬಿಳಿ ಸಂದು ಹುಡುಕಬೇಕು, ಅದೂ ಆಗ್ತದ.

ನನಗ ನಿಜವಾಗ್ಲೂ ಸತಾಯಿಸಿದ್ದು ನಮ್ಮ ಒತ್ತಕ್ಷರ. ಹೆಡ್ಡಿಂಗ್ ಯಾವುದು ಅಂತ ಸಾಲಿನ ಎತ್ತರ ನೋಡಿ ತೀರ್ಮಾನಿಸ್ತೀವಿ ಅಲ್ರಿ, "ಶಾಸ್ತ್ರಿ" ಅಂತ ಇರೋ ಮಾಮೂಲಿ ಸಾಲು "ಮನೆ" ಅಂತ ಇರೋ ಸಾಲಿಗಿಂತ ಎತ್ತರ ಬರ್ತದ, ಸಬ್ ಹೆಡ್ಡಿಂಗ್ ಅನ್ಕೊಂಡು ಸುದ್ದಿ ಅಲ್ಲೇ ಎರಡು ತುಂಡು. ಇಡೀ ಡಬ್ಬಿ ಅಳೀಬ್ಯಾಡ್ರಿ, ಅಡ್ಡಸಾಲಿನಾಗ ಮಸಿ ದಟ್ಟ ಇರೋ ಪಟ್ಟಿ ಅಷ್ಟೇ ಅಳೀರಿ, ಒತ್ತು ಇರೋ ಕಡೆ ಮಸಿ ತೆಳು ಇರ್ತದ. ಆ ಅಳತಿ ಮಾಮೂಲಿ ಸಾಲಿನ ಎರಡು ಪಟ್ಟಿನ ಹತ್ರ ಇದ್ರ ಹೆಡ್ಡಿಂಗ್, ಒಂದೂಕಾಲು ಪಟ್ಟು ಅಂದ್ರ ಸುದ್ದಿ ಒಳಗಿನ ದಪ್ಪಕ್ಷರ, ಅದನ್ನ ಹೆಡ್ಡಿಂಗ್ ಲೆಕ್ಕಕ್ಕ ಹಿಡೀಬ್ಯಾಡ್ರಿ. ಕತ್ತರಿಸುವಾಗೂ ಕೆಳಗ 15-20 ಪಿಕ್ಸೆಲ್ ಬಿಡ್ರಿ, ಇಲ್ಲಾಂದ್ರ ಕೊನೇ ಸಾಲಿನ ಒತ್ತು ಹಾರಿ ಕೊಪ್ಪಳ ಹೋಗಿ "ಕೊಪಳ" ಆಗ್ತದ, ನಮ್ಮೂರಿನ ಹೆಸರು ನೋಡಿ ಎಷ್ಟು ಸಿಟ್ಟು ಬಂದಿತ್ತು ಅಂತೀರಿ.

ಓದ್ಸೋಕೆ ಇಷ್ಟು ಸಾಕು:

```
tesseract b07.png b07 -l kan --psm 6
```

ಒಂದೇ ಸಾಲಿನ ಹೆಡ್ಡಿಂಗಿಗೆ `--psm 7`. ಅಕ್ಷರ ಭಾಳ ದೊಡ್ಡವಿದ್ರ ಚಿತ್ರ ಸಣ್ಣದು ಮಾಡಿ ಕೊಡ್ರಿ, ಕಪ್ಪು ಪಟ್ಟಿ ಮ್ಯಾಲಿನ ಬಿಳಿ ಅಕ್ಷರ ಇದ್ರ ಕಪ್ಪು-ಬಿಳಿ ಅದಲು ಬದಲು ಮಾಡಿ ಕೊಡ್ರಿ.

ತಪ್ಪು ಹಿಡಿಯೋದು ಹೆಂಗ ಅಂದ್ರ ಊರ ಹೆಸರು ನೋಡ್ರಿ. ನಮ್ಮ ಪೇಪರ್‌ದಾಗ ಸುದ್ದಿ ಶುರುವಾಗೋದೇ "ಗಂಗಾವತಿ:" "ಮುನಿರಾಬಾದ್:" ಅಂತ. ಒಂದು ಫೈಲಿನಾಗ ಪ್ಯಾರಾ ಶುರುವಿಗೆ ಹಂಗ ಎರಡು ಊರು ಬಂದ್ರ ನಡುವ ಒಂದು ಹೆಡ್ಡಿಂಗ್ ತಪ್ಪಿಸ್ಕೊಂಡದ. ಒಂದೂ ಇಲ್ಲಾಂದ್ರ ಅದು ಇನ್ನೊಂದು ಸುದ್ದಿ ಬಾಲ ಇರಬಹುದು, ಯಾಕಂದ್ರ ಕೆಲವು ಸಲ ಹೆಡ್ಡಿಂಗ್ ಮೂರೇ ಕಾಲಂ ಇರ್ತದ, ಸುದ್ದಿ ನಾಲ್ಕನೇ ಕಾಲಂಗೆ ಹೆಡ್ಡಿಂಗ್ ಪಕ್ಕಕ್ಕೇ ಹತ್ತಿರ್ತದ, ನಮ್ಮ ನಿಯಮ ಅಲ್ಲಿ ಸೋಲ್ತದ. ಡ್ಯಾಂ ಪೇಜ್‌ದಾಗ ಹಿಂಗೇ ಒಂದು ತುಂಡು ಜಾಹೀರಾತಿನ ಹೆಡ್ಡಿಂಗ್ ಕೆಳಗ ಹೋಗಿತ್ತು, ಮೂರನೇ ಕಾಲಂ ಕೊನೇ ಸಾಲು ಪೂರ್ಣವಿರಾಮ ಇಲ್ದ ನಿಂತಿದ್ದು ನೋಡಿ ಗೊತ್ತಾತು, ಕೈಯಿಂದ ಸರಿ ಮಾಡ್ದೆ. ಸಂಪಾದಕೀಯ ಪುಟಕ್ಕ ಈ ಊರಿನ ಪರೀಕ್ಷೆ ನಡಿಯಂಗಿಲ್ಲ. "5ನೇ ಪುಟಕ್ಕೆ" ಅಂತ ಮುಗಿಯೋ ಸುದ್ದಿನ ಗುರ್ತು ಹಾಕಿ ಬಿಟ್ಟುಬಿಡ್ರಿ, ಆ ಪುಟ ಓದ್ಸಿದ ಮ್ಯಾಲೆ ಜೋಡಿಸಿದ್ರಾತು.