50 ಫ್ರೀ ಸ್ಪಿನ್ ಎಂದರೆ ಕೈಗೆ ಬರುವುದು ಎಷ್ಟು?

ಪ್ರಶ್ನೆ: ಒಂದು ಆನ್‌ಲೈನ್ ಕ್ಯಾಸಿನೋ 50 ಫ್ರೀ ಸ್ಪಿನ್ ಕೊಟ್ಟಿತ್ತು. 35 ಪಟ್ಟು ಆಡಬೇಕು ಎಂಬ ಷರತ್ತನ್ನೂ ಮುಗಿಸಿದೆ. ಬ್ಯಾಲೆನ್ಸ್‌ನಲ್ಲಿ 1,100 ಇತ್ತು, ವಿತ್‌ಡ್ರಾ ಮಾಡಿದರೆ ಬಂದಿದ್ದು 200 ಮಾತ್ರ. ಇದು ಮೋಸ ಅಲ್ವಾ? ಇಂಥ ಆಫರ್‌ಗೆ ನಿಜವಾದ ಬೆಲೆ ಎಷ್ಟು ಅಂತ ಮೊದಲೇ ಲೆಕ್ಕ ಹಾಕೋಕೆ ಆಗುತ್ತಾ?

ಉತ್ತರ: 200 ಎಂಬುದು ಗೆಲುವಿನ ಮಿತಿ. ಇದನ್ನು ‘ಮ್ಯಾಕ್ಸ್ ವಿನ್’ ಅಥವಾ ‘ಮ್ಯಾಕ್ಸ್ ಕ್ಯಾಶ್ಔಟ್’ ಎಂದು ಷರತ್ತುಗಳ ಮಧ್ಯೆ ಎಲ್ಲೋ ಬರೆದಿರುತ್ತಾರೆ. ನೀವು ಒಪ್ಪಿಕೊಂಡ ದಿನ ಅದು ಅಲ್ಲಿತ್ತು ಎಂದರೆ ನಿಯಮದ ಪ್ರಕಾರ ಮೋಸವಲ್ಲ. ಆದರೆ ಆಫರ್‌ನ ಅರ್ಧ ಬೆಲೆಯನ್ನು ಆ ಒಂದು ಸಾಲೇ ತಿಂದುಹಾಕಬಹುದು. ಹೇಗೆ ಎಂದು ನಿಮ್ಮ ಲೆಕ್ಕದಲ್ಲೇ ನೋಡೋಣ.

ಒಂದು ಸ್ಪಿನ್ನಿನ ಬೆಲೆ 1 ಎಂದುಕೊಳ್ಳೋಣ. 50 ಸ್ಪಿನ್ನಿಗೆ 50. ಜಾಹೀರಾತಿನಲ್ಲಿ ಕಾಣುವುದು ಈ 50. ಇದು ಹಣ ಅಲ್ಲ, ನಿಮ್ಮ ಪರವಾಗಿ ಕಟ್ಟಿದ ಬಾಜಿ. ಸ್ಲಾಟ್ ಆಟಕ್ಕೆ ಆರ್‌ಟಿಪಿ ಎಂಬ ಶೇಕಡಾವಾರು ಇರುತ್ತದೆ. ಕಟ್ಟಿದ ಹಣದಲ್ಲಿ ದೀರ್ಘಾವಧಿಯಲ್ಲಿ ಆಟಗಾರರಿಗೆ ವಾಪಸ್ ಬರುವ ಪಾಲು ಅದು. ಅದು 96% ಆದರೆ, 50 ಸ್ಪಿನ್ನಿನಿಂದ ಸರಾಸರಿ 48 ಬರುತ್ತದೆ. ಆಟದ ಮಾಹಿತಿ ಪುಟದಲ್ಲಿರುವ ಅಂಕಿಯನ್ನೇ ನೋಡಿ. ಒಂದೇ ಹೆಸರಿನ ಆಟ ಒಂದು ಕಡೆ 96%, ಇನ್ನೊಂದು ಕಡೆ 94% ಇರುವುದುಂಟು.

ಮುಂದೆ 35 ಪಟ್ಟಿನ ವೇಜರಿಂಗ್ ಷರತ್ತು. ಸ್ಪಿನ್ನಿನಲ್ಲಿ ಗೆದ್ದ 48ನ್ನು ತಕ್ಷಣ ಕೊಡುವುದಿಲ್ಲ. ಅದರ 35 ಪಟ್ಟು, ಅಂದರೆ 1,680ರಷ್ಟು ಬಾಜಿ ಕಟ್ಟಿ ಮುಗಿಸಬೇಕು. ಪ್ರತಿ 100ರ ಬಾಜಿಗೆ ಸರಾಸರಿ 4 ಹೋಗುತ್ತದೆ. 1,680ಕ್ಕೆ 67 ಚಿಲ್ಲರೆ ಹೋಗಬೇಕು. ಇರುವುದೇ 48!

ತುಂಬಾ ಜನ ಇಲ್ಲಿಗೆ ಲೆಕ್ಕ ನಿಲ್ಲಿಸಿ, ‘ಬೆಲೆ ಸೊನ್ನೆಗಿಂತ ಕಡಿಮೆ, ಬಿಟ್ಟುಬಿಡಿ’ ಎನ್ನುತ್ತಾರೆ. ಅದು ಸರಿಯಲ್ಲ. ಬೋನಸ್ ಬ್ಯಾಲೆನ್ಸ್ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ, ಖಾಲಿಯಾದ ಕೂಡಲೇ ಆಟ ಮುಗಿಯುತ್ತದೆ. ಹೆಚ್ಚಿನವರು 1,680 ತಲುಪುವ ಮೊದಲೇ ಖಾಲಿಯಾಗಿರುತ್ತಾರೆ. ಆದ್ದರಿಂದ ಕಳೆಯಬೇಕಾದ್ದು ಷರತ್ತಿನಲ್ಲಿರುವ ಪೂರ್ತಿ ಮೊತ್ತದ 4% ಅಲ್ಲ, ಜನ ನಿಜವಾಗಿ ಕಟ್ಟುವ ಸರಾಸರಿ ಬಾಜಿಯ 4%. ಆ ಸರಾಸರಿ 750 ಎಂದುಕೊಂಡರೆ 30 ಹೋಗುತ್ತದೆ, 18 ಉಳಿಯುತ್ತದೆ.

ಈ 750 ನಾನು ಉದಾಹರಣೆಗೆ ಹಿಡಿದ ಅಂಕಿ. ಆಟದ ಏರಿಳಿತ ಜಾಸ್ತಿ ಇದ್ದಷ್ಟೂ, ಒಂದೊಂದು ಬಾಜಿ ದೊಡ್ಡದಾದಷ್ಟೂ ಜನ ಬೇಗ ಖಾಲಿಯಾಗುತ್ತಾರೆ. ಆಗ ಈ ಸರಾಸರಿ ತಗ್ಗಿ, ಉಳಿಯುವ ಬೆಲೆ ಏರುತ್ತದೆ. ಕೇಳೋಕೆ ವಿಚಿತ್ರ ಅನ್ನಿಸಬಹುದು, ಆದರೆ ಲೆಕ್ಕ ಹಾಗೇ ಇದೆ. ಕ್ಯಾಸಿನೋಗಳಿಗೂ ಇದು ಚೆನ್ನಾಗಿ ಗೊತ್ತು. ವೇಜರಿಂಗ್ ನಡೆಯುವಾಗ ಇಂತಿಷ್ಟಕ್ಕಿಂತ ದೊಡ್ಡ ಬಾಜಿ ಕಟ್ಟಬಾರದು ಎಂಬ ನಿಯಮ ಬಂದಿರುವುದು ಇದಕ್ಕೇ. ಮರೆತು ಒಂದೇ ಒಂದು ಸಲ ಮೀರಿದರೂ ಪೂರ್ತಿ ಗೆಲುವನ್ನು ರದ್ದು ಮಾಡುವವರಿದ್ದಾರೆ.

ಈಗ ಆ 18 ಯಾರ ಕೈಗೆ ಹೋಗುತ್ತದೆ ನೋಡಿ. ಎಲ್ಲರಿಗೂ 18 ಸಿಗುವುದಿಲ್ಲ. ಇದೇ ಆಫರ್ ಅನ್ನು 100 ಜನ ತೆಗೆದುಕೊಂಡರು ಅನ್ನಿ. ಒಟ್ಟು ಉಳಿಯಬೇಕಾದ್ದು 1,800. ಅದು ಹಂಚಿಹೋಗುವ ರೀತಿ ಹೆಚ್ಚುಕಡಿಮೆ ಹೀಗಿರಬಹುದು: 92 ಜನರಿಗೆ ಏನೂ ಇಲ್ಲ. 7 ಜನರಿಗೆ ತಲಾ 100. ಇನ್ನುಳಿದ ಒಬ್ಬರಿಗೆ 1,100. ಆ ಒಬ್ಬರು ನೀವು.

ಇಲ್ಲಿ 200ರ ಮಿತಿ ಹಾಕಿ. 92 ಜನರಿಗೆ ಅದರ ಬಿಸಿ ತಟ್ಟುವುದೇ ಇಲ್ಲ. 7 ಜನರಿಗೂ ಇಲ್ಲ. ನಿಮ್ಮೊಬ್ಬರಿಂದ ಮಾತ್ರ 900 ಹೋಯಿತು. 100 ಜನರಿಗೆ ಸೇರಿ ಈಗ ಸಿಗುವುದು 900, ತಲಾ 9. ಮಿತಿ 500 ಇದ್ದಿದ್ದರೆ ತಲಾ 12 ಆಗುತ್ತಿತ್ತು. ಅಂದರೆ ಜಾಹೀರಾತಿನ 50, ವೇಜರಿಂಗ್ ಆದಮೇಲೆ 18, ಮಿತಿ ಬಿದ್ದಮೇಲೆ 9. ನೂರರಲ್ಲಿ ತೊಂಬತ್ತೊಂಬತ್ತು ಜನರಿಗೆ ಮಿತಿ ಇದೆ ಎಂಬುದೇ ಗೊತ್ತಾಗುವುದಿಲ್ಲ. ಹಾಗಾಗಿ ದೂರು ಕೇಳಿಬರುವುದೂ ಅಪರೂಪ.

ವೇಜರಿಂಗ್ ಬಿಗಿಯಾದಷ್ಟೂ ಬೆಲೆಯೆಲ್ಲ ಕೆಲವೇ ದೊಡ್ಡ ಗೆಲುವುಗಳಲ್ಲಿ ಹೋಗಿ ಕೂರುತ್ತದೆ. ಮಿತಿ ಕತ್ತರಿಸುವುದು ಸರಿಯಾಗಿ ಅದನ್ನೇ. ಎರಡೂ ಸೇರಿದಾಗ ಪೆಟ್ಟು ಜೋರು. ಅದೇ 50 ಸ್ಪಿನ್, ಅದೇ 200ರ ಮಿತಿ, ಆದರೆ ವೇಜರಿಂಗ್ ಇಲ್ಲ ಎಂದರೆ ಕಥೆಯೇ ಬೇರೆ. ಆಗ ಶುರುವಾಗುವುದು 48ರಿಂದ. 50 ಸ್ಪಿನ್ನಿನಲ್ಲಿ 200 ದಾಟುವವರು ಕಡಿಮೆ, ಹಾಗಾಗಿ ಮಿತಿಯಿಂದ ಹೋಗುವುದು ಒಂದು ಪಾಲು ಮಾತ್ರ. ಶಾಂತವಾಗಿ ಓಡುವ ಆಟದಲ್ಲಿ ಆ ಪಾಲು ಚಿಕ್ಕದು. ಬಾಜಿಯ 5,000 ಪಟ್ಟು ಕೊಡುತ್ತೇನೆ ಎನ್ನುವಂಥ ಆಟದಲ್ಲಿ ದೊಡ್ಡದು, ಯಾಕೆಂದರೆ ಆ ಆಟದ 96%ರಲ್ಲಿ ಒಂದಿಷ್ಟು ಭಾಗ ನಿಮಗೆ ಯಾವತ್ತೂ ಕೊಡದ ಗೆಲುವುಗಳಲ್ಲೇ ಇದೆ. ವೇಜರಿಂಗ್ ಇಲ್ಲದ 10 ಸ್ಪಿನ್ ಮತ್ತು ನೀವು ತೆಗೆದುಕೊಂಡ 50, ಇವೆರಡರಲ್ಲಿ ನಾನಾದರೆ 10ನ್ನೇ ಆರಿಸುತ್ತೇನೆ.

ಮಿತಿ ಎಲ್ಲಿ ಬೀಳುತ್ತದೆ ಎಂಬುದನ್ನೂ ಓದಿ. ಕೆಲವರು ಸ್ಪಿನ್ ಮುಗಿದ ತಕ್ಷಣವೇ ಹೆಚ್ಚಿಗೆ ಇರುವುದನ್ನು ತೆಗೆದುಬಿಡುತ್ತಾರೆ. ಕೆಲವರು ನಿಮಗೆ ಮಾಡಿದಂತೆ ವಿತ್‌ಡ್ರಾ ಮಾಡುವಾಗ ಕತ್ತರಿಸುತ್ತಾರೆ. ಎರಡನೆಯದರಲ್ಲಿ ಹೊಟ್ಟೆಯುರಿ ಜಾಸ್ತಿ, ಸಿಗದ ಹಣವನ್ನು ಕಣ್ಣಾರೆ ನೋಡಿರುತ್ತೀರಲ್ಲ! ಜೊತೆಗೆ ಕನಿಷ್ಠ ವಿತ್‌ಡ್ರಾ ಮೊತ್ತವನ್ನೂ ನೋಡಿ. ಅದು 150 ಆಗಿದ್ದರೆ ಮೇಲಿನ ಉದಾಹರಣೆಯ 7 ಜನರ 100 ಅಲ್ಲೇ ಸಿಕ್ಕಿಕೊಳ್ಳುತ್ತದೆ. 9 ಇದ್ದ ಬೆಲೆ 2ಕ್ಕೆ ಬಂತು.

ಸ್ಪಿನ್ ಪಡೆಯಲು ಮೊದಲು ಸ್ವಂತ ಹಣ ಹಾಕಬೇಕು ಎಂದಿದ್ದರೆ ಅದನ್ನೂ ಕಳೆಯಿರಿ. 200 ಡಿಪಾಸಿಟ್ ಮಾಡಿ ಒಮ್ಮೆ ಪೂರ್ತಿ ಆಡಬೇಕು ಎಂದರೆ ಅದಕ್ಕೇ ಸರಾಸರಿ 8 ಹೋಯಿತು. 9ರಲ್ಲಿ ಉಳಿದದ್ದು 1. ಬ್ಯಾಲೆನ್ಸ್‌ನಲ್ಲಿ ಇದೆಯಲ್ಲ ಎಂದು ಉಳಿದ ಡಿಪಾಸಿಟ್ಟನ್ನೂ ಆಡಿದರೆ ಆ 1 ಕೂಡ ಇಲ್ಲ. ಬೆಲೆ ಎಂದು ನಾನು ಇಲ್ಲಿ ಹೇಳುತ್ತಿರುವುದೆಲ್ಲ ಸರಾಸರಿ ಎಂಬುದೂ ನೆನಪಿರಲಿ. ನೂರರಲ್ಲಿ 92 ಜನರಿಗೆ ಸಿಗುವುದು ಸೊನ್ನೆಯೇ.

ಇನ್ನು ನಿಮ್ಮ 900ರ ವಿಷಯ. ನೀವು ಒಪ್ಪಿಕೊಂಡ ದಿನ ಆ ಆಫರ್‌ನ ಷರತ್ತಿನಲ್ಲಿ ಮಿತಿ ಇತ್ತೇ ಎಂದು ನೋಡಿ, ಬಂದ ಇಮೇಲ್ ಇದ್ದರೆ ಅದನ್ನೂ ತೆಗೆಯಿರಿ. ಇದ್ದರೆ ಆ ಹಣ ವಾಪಸ್ ಬರುವುದು ಕಷ್ಟ. ಆ ಆಫರ್‌ನ ಪುಟದಲ್ಲಿ ಇಲ್ಲದೆ ಸಾಮಾನ್ಯ ಬೋನಸ್ ನಿಯಮಗಳಲ್ಲಿ ಮಾತ್ರ ಇದ್ದರೆ, ಅಥವಾ ಆಮೇಲೆ ಸೇರಿಸಿದ್ದರೆ, ಮೊದಲು ಅವರಿಗೇ ಬರವಣಿಗೆಯಲ್ಲಿ ದೂರು ಕೊಡಿ. ಉತ್ತರ ಸರಿ ಬರದಿದ್ದರೆ ಅವರಿಗೆ ಲೈಸೆನ್ಸ್ ಕೊಟ್ಟ ಸಂಸ್ಥೆಗೆ ಬರೆಯಿರಿ. ಅದರ ಹೆಸರು ಸಾಮಾನ್ಯವಾಗಿ ಸೈಟಿನ ಕೆಳತುದಿಯಲ್ಲಿ ಇರುತ್ತದೆ. ಅಲ್ಲಿ ಯಾವ ಹೆಸರೂ ಇಲ್ಲ ಎಂದರೆ ಆ 200 ಬಂದಿದ್ದೇ ದೊಡ್ಡದು, ಅಲ್ಲಿ ಇನ್ನೊಂದು ಡಿಪಾಸಿಟ್ ಮಾಡಬೇಡಿ.