95,000 ಇದ್ದರೂ ಮೂರು ತಿಂಗಳಿಗೆ 318 ರೂಪಾಯಿ ಬಡ್ಡಿ ಹೇಗೆ?

ಪ್ರಶ್ನೆ: ನಮ್ಮದು ಬ್ಯಾಡಗಿ ಹತ್ತಿರ ಹಳ್ಳಿ. ಉಳಿತಾಯ ಖಾತೆಯಲ್ಲಿ ಜನವರಿ 1ಕ್ಕೆ 12,000 ಇತ್ತು. 21ಕ್ಕೆ ಮೆಣಸಿನಕಾಯಿ ರೊಕ್ಕ 80,000 ಬಂತು. ಫೆಬ್ರುವರಿ 5ಕ್ಕೆ ಗೊಬ್ಬರದ ಅಂಗಡಿಗೆ 60,000 ಕೊಟ್ಟೆ. 20ಕ್ಕೆ ಅಣ್ಣ 40,000 ಹಾಕಿದ್ದರು, ಅವತ್ತೇ ಸಂಜೆ ಅದನ್ನು ಟ್ರ್ಯಾಕ್ಟರ್ ಕಂತಿಗೆ ಕಟ್ಟಿದೆ. ಮಾರ್ಚ್ 12ಕ್ಕೆ ಮತ್ತೆ 63,000 ಬಂತು. ಈಗ 95,000 ಇದೆ. ಎರಡೂವರೆ ಪರ್ಸೆಂಟ್ ಅಂದರೆ ಮೂರು ತಿಂಗಳಿಗೆ 594 ಬರಬೇಕಿತ್ತು, ಬಂದದ್ದು 318. ಬ್ಯಾಂಕಿನವರು ತಪ್ಪಿದ್ದಾರಾ?

ಉತ್ತರ:

ತಪ್ಪಿಲ್ಲ, 318 ಸರಿಯಾಗಿದೆ. ಗದಗದಲ್ಲಿ ಬ್ಯಾಂಕ್ ಕೌಂಟರಿನಲ್ಲಿ ಕೂತಿದ್ದವನು ನಾನು. ಮಾರ್ಚ್ ಮುಗಿದ ಮೇಲೆ ಪಾಸ್‌ಬುಕ್ ಎಂಟ್ರಿ ಮಾಡಿಸಲು ಬಂದವರಲ್ಲಿ ಒಬ್ಬರಾದರೂ ಇದೇ ಜಗಳ ತೆಗೆಯುತ್ತಿದ್ದರು.

594 ಬರಬೇಕಾದರೆ ಆ 95,000 ಜನವರಿ 1ರಿಂದಲೇ ಖಾತೆಯಲ್ಲಿ ಇರಬೇಕಿತ್ತು. ಅದು ಇದ್ದದ್ದು ಕೊನೆಯ 20 ದಿನ ಮಾತ್ರ. ಬ್ಯಾಂಕು ಇವತ್ತಿನ ಬ್ಯಾಲೆನ್ಸ್ ನೋಡಿ ಬಡ್ಡಿ ಹಾಕುವುದಿಲ್ಲ. ಪ್ರತಿ ದಿನ ವ್ಯವಹಾರ ಮುಗಿದ ಮೇಲೆ ಖಾತೆಯಲ್ಲಿ ಎಷ್ಟು ಉಳಿದಿದೆ ಅಂತ ನೋಡುತ್ತದೆ, ಆ ಮೊತ್ತಕ್ಕೆ ಒಂದು ದಿನದ ಬಡ್ಡಿ ಲೆಕ್ಕ ಹಿಡಿಯುತ್ತದೆ. ಹೀಗೆ 90 ದಿನದ್ದನ್ನು ಕೂಡಿಸಿ ಒಂದೇ ಸಲ ಜಮಾ ಮಾಡುತ್ತದೆ.

ನೀವು 90 ಸಲ ಲೆಕ್ಕ ಮಾಡಬೇಕಾಗಿಲ್ಲ. ಬ್ಯಾಲೆನ್ಸ್ ಬದಲಾಗದೆ ಇದ್ದ ದಿನಗಳನ್ನು ಒಟ್ಟಿಗೆ ಹಿಡಿಯಿರಿ. ನಿಮ್ಮ ಖಾತೆಯಲ್ಲಿ ಅಂಥ ನಾಲ್ಕು ತುಂಡುಗಳಿವೆ:

```
ಜನವರಿ 1 – ಜನವರಿ 20      12,000 × 20 =  2,40,000
ಜನವರಿ 21 – ಫೆಬ್ರುವರಿ 4     92,000 × 15 = 13,80,000
ಫೆಬ್ರುವರಿ 5 – ಮಾರ್ಚ್ 11     32,000 × 35 = 11,20,000
ಮಾರ್ಚ್ 12 – ಮಾರ್ಚ್ 31      95,000 × 20 = 19,00,000
ಒಟ್ಟು                    90 ದಿನ    46,40,000

46,40,000 × 2.5 ÷ 36500 = 317.81
```

ಪೈಸೆ ಬಿಟ್ಟು ಹತ್ತಿರದ ರೂಪಾಯಿಗೆ ತಂದರೆ 318. ಕೆಳಗಿನ 36500 ಎಲ್ಲಿಂದ ಬಂತು ಅಂದರೆ, ವರ್ಷಕ್ಕೆ 365 ದಿನ, ಪರ್ಸೆಂಟ್ ಅಂದಿದ್ದಕ್ಕೆ 100, ಎರಡನ್ನೂ ಗುಣಿಸಿದ್ದು ಅಷ್ಟೇ. ಇನ್ನೊಂದು ರೀತಿಯಲ್ಲೂ ನೋಡಬಹುದು. 46,40,000ವನ್ನು 90ರಿಂದ ಭಾಗಿಸಿ. ಸುಮಾರು 51,556 ಬರುತ್ತದೆ. ಮೂರು ತಿಂಗಳಲ್ಲಿ ನಿಮ್ಮ ಸರಾಸರಿ ಬ್ಯಾಲೆನ್ಸ್ ಅದು. ಬಡ್ಡಿ ಸಿಕ್ಕಿದ್ದು ಅದಕ್ಕೇ, 95,000ಕ್ಕೆ ಅಲ್ಲ.

ಅಣ್ಣ ಹಾಕಿದ 40,000 ಲೆಕ್ಕದಲ್ಲಿ ಎಲ್ಲೂ ಇಲ್ಲ ಅನ್ನುವುದನ್ನು ಗಮನಿಸಿದಿರಾ? ಬೆಳಿಗ್ಗೆ ಬಂದು ಸಂಜೆ ಹೋದ ರೊಕ್ಕ ಅದು. ದಿನದ ಕೊನೆಗೆ ಉಳಿದದ್ದು ಮತ್ತೆ 32,000. ಪಾಸ್‌ಬುಕ್ ನೋಡಿ ಲೆಕ್ಕ ಹಾಕುವವರು ಜಾಸ್ತಿ ಎಡವುವುದು ಇಲ್ಲೇ. ಒಂದೇ ತಾರೀಖಿಗೆ ಎರಡು ಮೂರು ಸಾಲು ಇದ್ದರೆ ಕೊನೆಯ ಸಾಲಿನ ಬ್ಯಾಲೆನ್ಸ್ ಮಾತ್ರ ತಗೊಳ್ಳಿ, ಮೇಲಿನವನ್ನು ಬಿಡಿ. ಯಾವ ತಾರೀಖಿಗೆ ಎಂಟ್ರಿಯೇ ಇಲ್ಲವೋ ಆ ದಿನಕ್ಕೆ ಹಿಂದಿನ ಬ್ಯಾಲೆನ್ಸೇ ಮುಂದುವರಿಯುತ್ತದೆ. ಭಾನುವಾರ, ಹಬ್ಬದ ರಜೆ ಎಲ್ಲಕ್ಕೂ ಬಡ್ಡಿ ಉಂಟು.

ಚೆಕ್ ವಿಷಯದಲ್ಲೂ ಸ್ವಲ್ಪ ಎಚ್ಚರ ಇರಲಿ. ದಲಾಲಿ ಅಂಗಡಿಯವರು ಕೊಟ್ಟ ಚೆಕ್ಕನ್ನು ನೀವು ಬ್ಯಾಂಕಿಗೆ ಹಾಕಿದ ದಿನದಿಂದ ಬಡ್ಡಿ ಶುರುವಾಗುವುದಿಲ್ಲ, ಅದು ಕ್ಲಿಯರ್ ಆಗಿ ರೊಕ್ಕ ನಿಮ್ಮ ಖಾತೆಗೆ ಬಂದ ದಿನದಿಂದ.

ಇನ್ನು ಜಮಾ ಆಗುವ ತಾರೀಖು. ರಿಸರ್ವ್ ಬ್ಯಾಂಕಿನ ನಿಯಮದಂತೆ ಮೂರು ತಿಂಗಳಿಗೊಮ್ಮೆ ಅಥವಾ ಅದಕ್ಕಿಂತ ಬೇಗ ಬಡ್ಡಿ ಜಮಾ ಮಾಡಬೇಕು. ಕೆಲವು ಬ್ಯಾಂಕುಗಳು ತ್ರೈಮಾಸಿಕ ಮುಗಿಯುವ ನಾಲ್ಕೈದು ದಿನ ಮೊದಲೇ ಹಾಕಿಬಿಡುತ್ತವೆ. ಆಗ ಉಳಿದ ದಿನಗಳ ಬಡ್ಡಿ ಮುಂದಿನ ಕಂತಿಗೆ ಹೋಗುತ್ತದೆ. ಅಂಥ ಬ್ಯಾಂಕಿನಲ್ಲಿ ಜನವರಿ 1ರಿಂದ ಮಾರ್ಚ್ 31 ಅಂತ ಹಿಡಿದರೆ ನಿಮ್ಮ ಲೆಕ್ಕ ಕೂಡುವುದೇ ಇಲ್ಲ. ಪಾಸ್‌ಬುಕ್‌ನಲ್ಲಿ ಹಿಂದಿನ ಬಡ್ಡಿ ಯಾವ ತಾರೀಖಿಗೆ ಬಿದ್ದಿದೆ ನೋಡಿ, ಎಣಿಕೆ ಅಲ್ಲಿಂದ ಶುರು ಮಾಡಿ.

ಲೆಕ್ಕ ದಿನಾ ನಡೆದರೂ ಬಡ್ಡಿ ದಿನಾ ಅಸಲಿಗೆ ಸೇರುವುದಿಲ್ಲ. ಜಮಾ ಆದ ಮೇಲಷ್ಟೇ ಆ 318 ನಿಮ್ಮ ಬ್ಯಾಲೆನ್ಸಿನ ಭಾಗವಾಗುತ್ತದೆ, ಆಮೇಲೆ ಅದಕ್ಕೂ ಬಡ್ಡಿ. ಮುಂದಿನ ಮೂರು ತಿಂಗಳಿಗೆ ಆ ಬಡ್ಡಿಯ ಮೇಲಿನ ಬಡ್ಡಿ ಎರಡು ರೂಪಾಯಿ ಆದೀತು. ಚಹಾಕ್ಕೂ ಸಾಲದು ಬಿಡಿ.

ಮಧ್ಯೆ ದರ ಬದಲಾದರೆ ಮಾತ್ರ ಮೇಲಿನ ಲೆಕ್ಕವನ್ನು ಎರಡು ಪಾಲು ಮಾಡಬೇಕು. ಉದಾಹರಣೆಗೆ ಸ್ಟೇಟ್ ಬ್ಯಾಂಕ್ 2025ರ ಜೂನ್ 15ರಿಂದ ದರವನ್ನು 2.70ರಿಂದ 2.50ಕ್ಕೆ ಇಳಿಸಿತು. ಜೂನ್ 14ರವರೆಗಿನ ದಿನಗಳಿಗೆ ಹಳೆಯ ದರ, ಆಮೇಲಿನದ್ದಕ್ಕೆ ಹೊಸದು. ಬೇರೆ ಬೇರೆ ಕೂಡಿಸಿ, ಬೇರೆ ಬೇರೆ ಗುಣಿಸಿ, ಕೊನೆಗೆ ಒಟ್ಟು ಮಾಡಬೇಕು.

ಕಡಿಮೆ ಬಂತು ಅಂತ ಬೇಜಾರಾಗಿದ್ದರೆ ಹಳೆಯ ಪದ್ಧತಿಯನ್ನೂ ಹೇಳುತ್ತೇನೆ. 2010ರ ಏಪ್ರಿಲ್ 1ರವರೆಗೆ ದಿನದ ಲೆಕ್ಕ ಇರಲಿಲ್ಲ. ಪ್ರತಿ ತಿಂಗಳು 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಎಲ್ಲಕ್ಕಿಂತ ಕಡಿಮೆ ಇದ್ದ ಬ್ಯಾಲೆನ್ಸ್ ಯಾವುದೋ, ಇಡೀ ತಿಂಗಳಿಗೆ ಅದಕ್ಕೆ ಮಾತ್ರ ಬಡ್ಡಿ. ಹಾಕುವುದಿದ್ದರೆ ಹತ್ತರೊಳಗೆ ಹಾಕಿ, ತೆಗೆಯುವುದನ್ನು ತಿಂಗಳು ದಾಟಿಸಿ ಅಂತ ಗುರುತಿನವರಿಗೆ ನಾವೇ ಹೇಳುತ್ತಿದ್ದೆವು. ಆ ಲೆಕ್ಕದಲ್ಲಿ ನಿಮಗೆ ಜನವರಿಗೆ 12,000, ಫೆಬ್ರುವರಿಗೆ 32,000, ಮಾರ್ಚ್‌ಗೂ 32,000. ಮಾರ್ಚ್ 12ಕ್ಕೆ 63,000 ಬಂದರೂ ಪ್ರಯೋಜನ ಇಲ್ಲ, ಯಾಕೆಂದರೆ 10 ಮತ್ತು 11ಕ್ಕೆ ಇದ್ದದ್ದು 32,000. ಒಟ್ಟು 76,000ಕ್ಕೆ ಒಂದು ತಿಂಗಳ ಬಡ್ಡಿ, ಅಂದರೆ 158 ರೂಪಾಯಿ. ಜನವರಿ 21ರಿಂದ 15 ದಿನ ಇದ್ದ ಮೆಣಸಿನಕಾಯಿ ರೊಕ್ಕದಲ್ಲಿ ಆಮೇಲೆ ಗೊಬ್ಬರಕ್ಕೆ ಹೋದ 60,000ಕ್ಕೆ ಒಂದು ಪೈಸೆಯೂ ಸಿಗುತ್ತಿರಲಿಲ್ಲ.

ಇದು ಬರೀ ಹಳೆಯ ಕಥೆ ಅಲ್ಲ. ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಈಗಲೂ ಇದೇ 10ನೇ ತಾರೀಖಿನ ಲೆಕ್ಕ ಇದೆ, ಬಡ್ಡಿಯೂ ವರ್ಷಕ್ಕೊಮ್ಮೆ, ಮಾರ್ಚ್ ಕೊನೆಗೆ. ಅಲ್ಲಿ ದರ 4 ಪರ್ಸೆಂಟ್ ಅಂತ ಕೇಳಿ ಖಾತೆ ಬದಲಿಸಲು ಹೊರಡುವವರಿದ್ದಾರೆ. ನಿಮ್ಮ ಇದೇ ಮೂರು ತಿಂಗಳ ವ್ಯವಹಾರ ಅಲ್ಲಿ ನಡೆದಿದ್ದರೆ 76,000 × 4 ÷ 1200, ಅಂದರೆ 253 ರೂಪಾಯಿ ಆಗುತ್ತಿತ್ತು. ಎರಡೂವರೆ ಪರ್ಸೆಂಟಿನ ಬ್ಯಾಂಕು ಕೊಟ್ಟದ್ದು 318. ರೊಕ್ಕ ಅಲುಗಾಡದೆ ಇರುವುದಾದರೆ ಅಂಚೆ ಖಾತೆಯೇ ಮೇಲು, ಅದರಲ್ಲಿ ಅನುಮಾನ ಇಲ್ಲ. ಆದರೆ ಪೇಟೆಯಿಂದ ಬಂದು ಹದಿನೈದು ದಿನದಲ್ಲಿ ಗೊಬ್ಬರಕ್ಕೆ ಹೋಗುವ ರೊಕ್ಕಕ್ಕೆ ದಿನದ ಲೆಕ್ಕ ಇರುವ ಖಾತೆಯೇ ಸರಿ.